ಈ ಸೈಟು ಯಾರ ವ್ಯಾಪ್ತಿಗೆ?

ಸಿಲ್ಕ್ ಬೋರ್ಡ್ ದಾಟಿ ಹೊಸೂರು ರಸ್ತೆಯಲ್ಲಿ ಅತ್ತಿಬೆಲೆಯ ಕಡೆ ಹೊರಟರೆ ಅಂಗಡಿ, ಅಪಾರ್ಟ್‌ಮೆಂಟು, ಕಾರ್ಖಾನೆಗಳ ಸಾಲು ಎಲ್ಲೂ ಕಡಿಯುವುದಿಲ್ಲ. ಕಣ್ಣಿಗೆ ಅದೆಲ್ಲ ಒಂದೇ ಬೆಂಗಳೂರು. ಸರ್ಕಾರದ ಕಾಗದದಲ್ಲಿ ಮಾತ್ರ ಆ ರಸ್ತೆ ಹಲವು ತುಂಡು. ಮೊದಲು ಪಾಲಿಕೆಯ ಪ್ರದೇಶ. ಆಮೇಲೆ ಎಲೆಕ್ಟ್ರಾನಿಕ್ ಸಿಟಿಯ ಕೈಗಾರಿಕಾ ಪ್ರದೇಶ ಬರುತ್ತದೆ. ಅದಕ್ಕೆ ತನ್ನದೇ ಆದ ಕೈಗಾರಿಕಾ ಟೌನ್‌ಶಿಪ್ ಪ್ರಾಧಿಕಾರವಿದೆ. ಅದನ್ನು ದಾಟಿದರೆ ಹೆಬ್ಬಗೋಡಿ ನಗರಸಭೆ, ಮುಂದೆ ಬೊಮ್ಮಸಂದ್ರ, ಚಂದಾಪುರ, ಅತ್ತಿಬೆಲೆ ಪುರಸಭೆಗಳು. ಹೆದ್ದಾರಿ ಬಿಟ್ಟು ಎಡಕ್ಕೋ ಬಲಕ್ಕೋ ಸ್ವಲ್ಪ ಒಳಗೆ ಹೋದರೆ ಗ್ರಾಮ ಪಂಚಾಯಿತಿಗಳು. ಒಂದರ ಗಡಿ ಮುಗಿದು ಇನ್ನೊಂದು ಶುರುವಾಗುವ ಕಡೆ ಕಲ್ಲೂ ಇಲ್ಲ, ಬೋರ್ಡೂ ಇಲ್ಲ.

ಅಲ್ಲೆಲ್ಲೋ ಒಂದು ಸೈಟು ನೋಡಲು ಹೋದವರಿಗೆ ಮಧ್ಯವರ್ತಿ ಹೇಳುವ ಮಾತು ಹೆಚ್ಚುಕಡಿಮೆ ಒಂದೇ: ‘ಸರ್, ಇದು ಬೆಂಗಳೂರೇ. ಪಿನ್‌ಕೋಡ್ ನೋಡಿ, 560ರಿಂದ ಶುರುವಾಗುತ್ತೆ. ಬಿಎಂಟಿಸಿ ಬಸ್ಸಿದೆ, ಬೆಸ್ಕಾಂ ಕರೆಂಟಿದೆ, ಮೆಟ್ರೋನೂ ಬಂತು.’ ಇದರಲ್ಲಿ ಸುಳ್ಳೇನೂ ಇರಬೇಕಾಗಿಲ್ಲ. ಆದರೂ ಕೊಳ್ಳುವವರು ಕೇಳಿದ ಪ್ರಶ್ನೆಗೆ ಇದು ಉತ್ತರವಾಗುವುದಿಲ್ಲ. ಪಿನ್‌ಕೋಡು ಅಂಚೆ ಇಲಾಖೆಯ ಅನುಕೂಲಕ್ಕೆ ಇರುವುದು. ಬೆಸ್ಕಾಂ ಹಲವು ಜಿಲ್ಲೆಗಳಿಗೆ ವಿದ್ಯುತ್ ಕೊಡುತ್ತದೆ. 2025ರ ಆಗಸ್ಟ್‌ನಲ್ಲಿ ಶುರುವಾದ ಮೆಟ್ರೋ ಹಳದಿ ಮಾರ್ಗ ಬೊಮ್ಮಸಂದ್ರದವರೆಗೆ ಹೋಗುತ್ತದೆಂದು ಬೊಮ್ಮಸಂದ್ರ ಪಾಲಿಕೆಯೊಳಗೆ ಬಂದುಬಿಡಲಿಲ್ಲ. ಇವುಗಳಲ್ಲಿ ಯಾವುದೂ ಖಾತೆ ಯಾರು ಕೊಡಬೇಕು, ತೆರಿಗೆ ಯಾರಿಗೆ ಕಟ್ಟಬೇಕು ಎಂಬುದನ್ನು ತೀರ್ಮಾನಿಸುವುದಿಲ್ಲ. ಕೊಳ್ಳುವವರು ತಿಳಿಯಬೇಕಾದದ್ದು ಅದನ್ನೇ. ಅಧಿಕಾರವಿಲ್ಲದ ಕಚೇರಿ ಕೊಟ್ಟ ಖಾತೆ ಎಷ್ಟೇ ಅಚ್ಚುಕಟ್ಟಾಗಿ ಕಂಡರೂ ನೋಂದಣಿಯ ದಿನ ಕೈಕೊಡುತ್ತದೆ.

ಒಂದು ಜಮೀನಿನ ಮೇಲೆ ಒಟ್ಟಿಗೆ ಮೂರು ಗಡಿಗಳು ಹಾದುಹೋಗುತ್ತವೆ. ಜನ ತಪ್ಪು ಮಾಡುವುದು ಹೆಚ್ಚಾಗಿ ಈ ಮೂರನ್ನು ಬೆರೆಸಿಕೊಂಡಾಗಲೇ. ಮೊದಲನೆಯದು ಕಂದಾಯ ಇಲಾಖೆಯ ಗಡಿ: ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಕೊನೆಗೆ ಸರ್ವೆ ನಂಬರು. ಊರು ನಗರವಾದರೂ ಇದು ಅಷ್ಟು ಸುಲಭವಾಗಿ ಬದಲಾಗುವುದಿಲ್ಲ. ಬೆಂಗಳೂರಿನ ನಡುಮಧ್ಯದ ಎಷ್ಟೋ ಬಡಾವಣೆಗಳ ಹಳೆಯ ಪತ್ರಗಳಲ್ಲಿ ಈಗಲೂ ಹೋಬಳಿಯ ಹೆಸರೂ ಹಳ್ಳಿಯ ಹೆಸರೂ ಇರುತ್ತವೆ. ಹಾಗಾಗಿ ಪತ್ರದಲ್ಲಿ ‘ಗ್ರಾಮ’ ಎಂದು ಇದ್ದಮಾತ್ರಕ್ಕೆ ಅದು ಪಂಚಾಯಿತಿಯ ಜಾಗ ಎನ್ನುವಂತಿಲ್ಲ. ‘ಬೆಂಗಳೂರು ಪೂರ್ವ ತಾಲ್ಲೂಕು’ ಎಂದು ಇದ್ದಮಾತ್ರಕ್ಕೆ ಪಾಲಿಕೆಯ ಜಾಗವೆನ್ನುವಂತೆಯೂ ಇಲ್ಲ.

ಎರಡನೆಯದು ಸ್ಥಳೀಯ ಸಂಸ್ಥೆಯ ಗಡಿ. ಖಾತೆ, ತೆರಿಗೆ, ಬೀದಿದೀಪ, ಕಸ, ಚರಂಡಿ ಎಲ್ಲವೂ ಇದಕ್ಕೆ ಸೇರಿದ್ದು. ಹಳ್ಳಿಯಲ್ಲಿ ಗ್ರಾಮ ಪಂಚಾಯಿತಿ. ನಗರದ ಕಡೆ ಪಟ್ಟಣ ಪಂಚಾಯಿತಿ, ಪುರಸಭೆ, ನಗರಸಭೆ, ಮಹಾನಗರ ಪಾಲಿಕೆ. ಪಟ್ಟಣ ಪಂಚಾಯಿತಿ ಎಂಬ ಹೆಸರು ಕೇಳಿ ಅದನ್ನು ಹಳ್ಳಿಯ ಲೆಕ್ಕಕ್ಕೆ ಹಾಕುವವರಿದ್ದಾರೆ. ಅದು ನಗರ ಸ್ಥಳೀಯ ಸಂಸ್ಥೆ. ಅದಕ್ಕೆ 1964ರ ಪುರಸಭೆಗಳ ಕಾಯ್ದೆ ಅನ್ವಯಿಸುತ್ತದೆ, ಗ್ರಾಮ ಪಂಚಾಯಿತಿಗೆ 1993ರ ಪಂಚಾಯತ್ ರಾಜ್ ಕಾಯ್ದೆ. ಮೈಸೂರಿನ ಹೊರವಲಯದ ಬೋಗಾದಿ, ಶ್ರೀರಾಂಪುರ, ರಮ್ಮನಹಳ್ಳಿ, ಕಡಕೊಳಗಳು ಗ್ರಾಮ ಪಂಚಾಯಿತಿಯಿಂದ ಪಟ್ಟಣ ಪಂಚಾಯಿತಿಯಾದಾಗ, ಹೂಟಗಳ್ಳಿ ನಗರಸಭೆಯಾದಾಗ, ಅಲ್ಲಿ ಸೈಟಿದ್ದವರ ಖಾತೆಯ ಕಚೇರಿ ಮಾತ್ರವಲ್ಲ, ಕಾಯ್ದೆಯೇ ಬದಲಾಯಿತು.

ಮೂರನೆಯದು ಯೋಜನಾ ಪ್ರಾಧಿಕಾರದ ಗಡಿ. ಬಡಾವಣೆಯ ನಕ್ಷೆಗೆ ಮಂಜೂರಾತಿ ಕೊಡುವ ಕಚೇರಿ ಇದು. ಬಿಡಿಎ, ಆನೇಕಲ್ ಯೋಜನಾ ಪ್ರಾಧಿಕಾರ, ವಿಮಾನ ನಿಲ್ದಾಣದ ಸುತ್ತಲಿನ ಬಯಾಪ, ಮೈಸೂರಿನ ಅಭಿವೃದ್ಧಿ ಪ್ರಾಧಿಕಾರ ಇವೆಲ್ಲ ಈ ಜಾತಿಗೆ ಸೇರಿದವು. ಹೆಚ್ಚಿನವರು ಎಡವುವುದು ಇಲ್ಲಿ. ಬೆಂಗಳೂರು ಪಾಲಿಕೆಗಳ ಪ್ರದೇಶ ಸುಮಾರು 700 ಚದರ ಕಿಲೋಮೀಟರು. ಬಿಡಿಎಯ ಯೋಜನಾ ಪ್ರದೇಶ ಸುಮಾರು 1,300. ನಡುವೆ ಉಳಿದ ಜಾಗದಲ್ಲಿ ‘ಬಿಡಿಎ ಲಿಮಿಟ್ಸ್’ ಎಂದು ಜಾಹೀರಾತು ಹಾಕಿದರೆ ಅದು ನಿಜವೇ, ಆದರೆ ಖಾತೆ ಕೊಡುವುದು ಗ್ರಾಮ ಪಂಚಾಯಿತಿ. ಬಿಎಂಆರ್‌ಡಿಎ ಎಂಬ ಐದಕ್ಷರ ಇನ್ನೂ ದೂರ ಎಳೆಯುತ್ತದೆ. ಅದರ ವ್ಯಾಪ್ತಿ ಬೆಂಗಳೂರು ನಗರ, ಗ್ರಾಮಾಂತರ ಮತ್ತು ಹಿಂದಿನ ರಾಮನಗರ ಜಿಲ್ಲೆಯವರೆಗೂ ಚಾಚಿಕೊಂಡಿದೆ. ‘ಬಿಎಂಆರ್‌ಡಿಎ ಅಪ್ರೂವ್ಡ್’ ಎಂಬ ಫಲಕದಲ್ಲಿ ಬೆಂಗಳೂರು ಎಂಬ ಶಬ್ದ ಕೇಳಿಸುವುದು ಓದುವವರ ಕಿವಿಗೆ.

ಬೇಕಾದ ಉತ್ತರ ಇರುವುದು ಎರಡನೆಯ ಗಡಿಯಲ್ಲಿ. ಅದನ್ನು ಹುಡುಕುವ ಕೀಲಿ ಸಿಗುವುದು ಮೊದಲನೆಯದರಲ್ಲಿ. ಯಾವ ಊರನ್ನು ನಗರಕ್ಕೆ ಸೇರಿಸಿದರೂ ಸರ್ಕಾರ ಮೊದಲು ಕರಡು ಅಧಿಸೂಚನೆ ಹೊರಡಿಸಿ ಆಕ್ಷೇಪಣೆ ಕರೆಯುತ್ತದೆ, ಆಮೇಲೆ ರಾಜ್ಯಪತ್ರದಲ್ಲಿ ಅಂತಿಮ ಅಧಿಸೂಚನೆ ಬರುತ್ತದೆ. ಅದರ ಅನುಸೂಚಿಯಲ್ಲಿ ಸೇರಿದ ಹಳ್ಳಿಗಳ ಹೆಸರಿರುತ್ತದೆ. ಹಳ್ಳಿ ಪೂರ್ತಿ ಸೇರದಿದ್ದರೆ ಯಾವ ಸರ್ವೆ ನಂಬರುಗಳು ಎಂದಿರುತ್ತದೆ. ಜೊತೆಗೆ ನಾಲ್ಕು ದಿಕ್ಕಿನ ಗಡಿವಿವರ. ಹೀಗಾಗಿ ಬಡಾವಣೆಯ ಚಂದದ ಹೆಸರು, ಹತ್ತಿರದ ಶಾಲೆ, ಗೂಗಲ್ ನಕ್ಷೆಯಲ್ಲಿ ಕಾಣುವ ಏರಿಯಾ ಇವೆಲ್ಲ ಬದಿಗಿರಲಿ. ಮಧ್ಯವರ್ತಿಯನ್ನು ಕೇಳಬೇಕಾದ ಮೊದಲ ಪ್ರಶ್ನೆ: ‘ಸೈಟು ಯಾವ ಗ್ರಾಮದ ಯಾವ ಸರ್ವೆ ನಂಬರಿನಲ್ಲಿದೆ?’ ಇದನ್ನು ಹೇಳಲು ಹಿಂದೆಮುಂದೆ ನೋಡುವವರ ಹತ್ತಿರ ಬೆಲೆ ಮಾತಾಡುವುದೇ ಬೇಡ ಎಂಬುದು ನನ್ನ ಅಭಿಪ್ರಾಯ.

ಒಂದು ಉದಾಹರಣೆ ಕಟ್ಟಿಕೊಂಡು ನೋಡೋಣ. ಚಂದಾಪುರದ ಆಚೆ ಒಂದು ಬಡಾವಣೆ. 30×40 ಅಡಿಯ 37ನೇ ನಂಬರಿನ ಸೈಟು, ಬೆಲೆ 50 ಲಕ್ಷ ರೂಪಾಯಿ. ಪುರಸಭೆಯ ವ್ಯಾಪ್ತಿ, ಇ-ಖಾತೆ ಇದೆ, ಬ್ಯಾಂಕ್ ಸಾಲ ಸಿಗುತ್ತದೆ ಎಂದು ಮಾರುವವರು ಹೇಳುತ್ತಾರೆ. ನಂಬಿಕೆಗೆ ಒಂದು ಇ-ಖಾತೆಯ ಜೆರಾಕ್ಸ್ ಕೊಡುತ್ತಾರೆ. ನಮೂನೆ-3, ಅಂದರೆ ನಗರ ಸ್ಥಳೀಯ ಸಂಸ್ಥೆಗಳು ಇ-ಆಸ್ತಿ ತಂತ್ರಾಂಶದಲ್ಲಿ ಕೊಡುವ ಕಾಗದ. ಎಲ್ಲ ಸರಿಯಾಗಿಯೇ ಇದೆ. ಆದರೆ ಅದು 12ನೇ ಸೈಟಿನದು. ‘ಎಲ್ಲಾ ಸೈಟಿಗೂ ಹಿಂಗೇ ಸರ್, ಒಂದೇ ಲೇಔಟ್ ಅಲ್ವಾ?’

ಕೊಳ್ಳುವವರು ಬಡಾವಣೆಯ ನಕ್ಷೆ ಕೇಳಿ ಪಡೆಯುತ್ತಾರೆ. ನಕ್ಷೆಯಲ್ಲಿ ರಸ್ತೆ, ಸೈಟುಗಳ ದಪ್ಪ ಗೆರೆಗಳ ಕೆಳಗೆ ಸರ್ವೆ ನಂಬರುಗಳ ತೆಳು ಗೆರೆ ಇರುತ್ತದೆ. ಬಹಳ ಮಂದಿ ನೋಡುವುದು ಸೈಟಿನ ಮೂಲೆ ಯಾವುದು, ರಸ್ತೆ ಎಷ್ಟು ಅಡಿ ಎಂದಷ್ಟೇ. ಇಲ್ಲಿ ಬೇಕಾದದ್ದು ಆ ತೆಳು ಗೆರೆ. 12ನೇ ಸೈಟು ಸರ್ವೆ ನಂಬರ್ 61ರಲ್ಲಿದೆ. 37ನೇ ಸೈಟು ಗೆರೆಯ ಆಚೆ, 62/3ರಲ್ಲಿ. ಅಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ಆದರೆ ಆ ಗೆರೆ ಎರಡು ಹಳ್ಳಿಗಳ ನಡುವಿನ ಗಡಿಯೂ ಹೌದು.

ಈಗ ಜಾಗಕ್ಕೆ ಹೋಗಬೇಕು. ಫೋನಿನಲ್ಲಿ ದಿಶಾಂಕ್ ಆಪ್ ತೆರೆದು ಸೈಟಿನ ಮೇಲೆ ನಿಂತರೆ, ನಿಂತ ಜಾಗ ಯಾವ ಗ್ರಾಮದ ಯಾವ ಸರ್ವೆ ನಂಬರು ಎಂದು ಅದು ತೋರಿಸುತ್ತದೆ. ರಾಜ್ಯದ ಗ್ರಾಮ ನಕ್ಷೆಗಳನ್ನು ಉಪಗ್ರಹ ಚಿತ್ರದ ಮೇಲೆ ಕೂರಿಸಿ ಮಾಡಿದ ಆಪ್ ಇದು, ಹಣ ಕೊಡಬೇಕಿಲ್ಲ. ಅದರ ಮಿತಿಯನ್ನೂ ತಿಳಿದಿರಬೇಕು. ಫೋನಿನ ಜಿಪಿಎಸ್ ಕೆಲವು ಮೀಟರು ಆಚೀಚೆ ಹೋಗುತ್ತದೆ. ಹಳೆಯ ಗ್ರಾಮ ನಕ್ಷೆಯನ್ನು ಹೊಸ ಚಿತ್ರಕ್ಕೆ ಹೊಂದಿಸುವಾಗಲೂ ಅಷ್ಟಿಷ್ಟು ಜಾರಿರುತ್ತದೆ. ಸೈಟು ಸರ್ವೆ ನಂಬರಿನ ನಡುಭಾಗದಲ್ಲಿದ್ದರೆ ದಿಶಾಂಕ್ ಹೇಳಿದ್ದನ್ನು ನೆಚ್ಚಬಹುದು. ಮೂವತ್ತಡಿ ಅಗಲದ ಸೈಟು ಗಡಿಗೆ ತಾಗಿಕೊಂಡೇ ಇದ್ದರೆ ಆ ಆಪ್ ತೀರ್ಪು ಕೊಡಲಾರದು. ಆಗ ಪರವಾನಗಿ ಪಡೆದ ಭೂಮಾಪಕರಿಂದ ಅಳತೆ ಮಾಡಿಸಿ ನಕ್ಷೆ ಪಡೆಯುವುದೊಂದೇ ದಾರಿ. ನಮ್ಮ 37ನೇ ಸೈಟು ಗಡಿಯಿಂದ ನಾಲ್ಕು ಸಾಲು ಒಳಗಿದೆ, ದಿಶಾಂಕ್ ಕೂಡ 62 ಎಂದೇ ತೋರಿಸುತ್ತದೆ. ಗ್ರಾಮದ ಹೆಸರು ಬೇರೆ.

ಮುಂದಿನ ಕೆಲಸ ಆ ಗ್ರಾಮ ಯಾರ ಕೈಯಲ್ಲಿದೆ ಎಂದು ನೋಡುವುದು. ಕೇಂದ್ರ ಸರ್ಕಾರದ ಸ್ಥಳೀಯ ಸಂಸ್ಥೆಗಳ ಪಟ್ಟಿಯೊಂದು lgdirectory.gov.in ತಾಣದಲ್ಲಿದೆ; ಯಾವ ಹಳ್ಳಿ ಯಾವ ಗ್ರಾಮ ಪಂಚಾಯಿತಿಗೆ ಸೇರಿದೆ ಎಂದು ಅಲ್ಲಿ ನೋಡಬಹುದು. ಮೊದಲ ಸುಳಿವಿಗೆ ಅದು ಸಾಕು. ಹೊಸದಾಗಿ ಗಡಿ ಬದಲಾದ ಊರಿನಲ್ಲಿ ಪಟ್ಟಿ ಹಿಂದುಳಿದಿರಬಹುದಾದ್ದರಿಂದ ಅದನ್ನೇ ಕೊನೆಯ ಮಾತೆಂದು ಹಿಡಿಯಬಾರದು. ಆಮೇಲೆ ಇ-ಸ್ವತ್ತು ತಾಣ, eswathu.karnataka.gov.in. ಗ್ರಾಮ ಪಂಚಾಯಿತಿ ಕೊಡುವ ಇ-ಖಾತೆಗಳು ಇರುವುದು ಇಲ್ಲಿ. ಜಿಲ್ಲೆ, ತಾಲ್ಲೂಕು, ಪಂಚಾಯಿತಿ, ಗ್ರಾಮ ಆರಿಸಿಕೊಂಡು ಆಸ್ತಿಯನ್ನು ಹುಡುಕಬಹುದು. 37ನೇ ಸೈಟು ಪುರಸಭೆಯ ಇ-ಆಸ್ತಿಯಲ್ಲಿ ಸಿಗುವುದಿಲ್ಲ. ಇ-ಸ್ವತ್ತಿನಲ್ಲಿ ಸಿಗುತ್ತದೆ. ಅಲ್ಲಿಗೆ ‘ಪುರಸಭೆ ವ್ಯಾಪ್ತಿ’ ಎಂಬ ಮಾತು ಬಿದ್ದುಹೋಯಿತು.

ಪಂಚಾಯಿತಿಯದು ಎಂದ ಕೂಡಲೇ ಗಾಬರಿ ಬೀಳಬೇಕಾಗಿಲ್ಲ. ಪಂಚಾಯಿತಿ ವ್ಯಾಪ್ತಿಯಲ್ಲಿ ಕ್ರಮಬದ್ಧವಾದ ಎಷ್ಟೋ ಬಡಾವಣೆಗಳಿವೆ. ಕೃಷಿ ಜಮೀನನ್ನು ಭೂ ಕಂದಾಯ ಕಾಯ್ದೆಯ 95ನೇ ಕಲಮಿನಂತೆ ಪರಿವರ್ತನೆ ಮಾಡಿಸಿ, ಯೋಜನಾ ಪ್ರಾಧಿಕಾರದಿಂದ ನಕ್ಷೆ ಮಂಜೂರು ಮಾಡಿಸಿ, ರಸ್ತೆ-ಉದ್ಯಾನದ ಜಾಗ ಬಿಟ್ಟುಕೊಟ್ಟ ಮೇಲೆ ಪಂಚಾಯಿತಿ ಪ್ರತಿ ಸೈಟಿಗೂ ನಮೂನೆ 9 ಮತ್ತು ನಮೂನೆ 11ಎ ಕೊಡುತ್ತದೆ. ಹಳೆಯ ಊರಿನೊಳಗಿನ, ಅಂದರೆ ಗ್ರಾಮಠಾಣದ ಮನೆಗಳಿಗೂ ಇವೇ ನಮೂನೆ. ಹೀಗೆ ಪರಿವರ್ತನೆ, ಮಂಜೂರಾತಿ ಇಲ್ಲದೆ ಆದ ಸೈಟುಗಳನ್ನು ಬರೆದುಕೊಳ್ಳುವುದು ನಮೂನೆ 11ಬಿಯಲ್ಲಿ. ತೆರಿಗೆ ವಸೂಲಿಗೆ ಪಂಚಾಯಿತಿ ಅದನ್ನು ಲೆಕ್ಕಕ್ಕೆ ತೆಗೆದುಕೊಂಡಿದೆ ಎಂಬುದಷ್ಟೇ ಅದರ ಅರ್ಥ. ಕಾಗದದ ಮೇಲೆ ಫೋಟೋ, ನಕಾಶೆ, ಬಾರ್‌ಕೋಡು ಎಲ್ಲ ಅದರಲ್ಲೂ ಇರುವುದರಿಂದ, ‘ಇ-ಖಾತೆ ಇದೆ’ ಎಂದಾಗ ಯಾವ ನಮೂನೆ ಎಂದು ಕೇಳಲೇಬೇಕು.

37ನೇ ಸೈಟಿಗೆ ಇರುವುದು 11ಬಿ. ಕಾರಣ ಹುಡುಕಲು ಮಂಜೂರಾತಿ ಆದೇಶ ತರಿಸಿದರೆ ಆನೇಕಲ್ ಯೋಜನಾ ಪ್ರಾಧಿಕಾರ ಒಪ್ಪಿಗೆ ಕೊಟ್ಟಿರುವುದು ಸರ್ವೆ ನಂಬರ್ 61ಕ್ಕೆ ಮಾತ್ರ. 62/3ನ್ನು ಬಡಾವಣೆ ಮಾಡಿದವರು ಆಮೇಲೆ ಕೊಂಡು, ಅದೇ ರಸ್ತೆಯನ್ನು ಮುಂದುವರಿಸಿ, ಅದೇ ಬಣ್ಣದ ಕಲ್ಲು ನೆಟ್ಟು, ಅದೇ ಸರಣಿಯಲ್ಲಿ ನಂಬರು ಕೊಟ್ಟಿದ್ದಾರೆ. ಈ ಉದಾಹರಣೆ ನಾನು ಕಟ್ಟಿದ್ದಾದರೂ ಇಂಥ ಜೋಡಣೆ ನಗರದಂಚಿನಲ್ಲಿ ಹೊಸತೇನಲ್ಲ. ವ್ಯಾಪ್ತಿ ಯಾರದೆಂದು ನೋಡಹೊರಟವರಿಗೆ ಮಂಜೂರಾತಿಯ ಕೊರತೆ ಸಿಕ್ಕಿತು. ಹಾಗಾಗಿಯೇ ಈ ಪರಿಶೀಲನೆ ಬರೀ ತೆರಿಗೆ ಕಚೇರಿಯ ವಿಳಾಸ ತಿಳಿಯುವುದಕ್ಕಷ್ಟೇ ಎಂದು ತಳ್ಳಿಹಾಕಬಾರದು.

ಕಾಗದಗಳೊಳಗೇ ಇರುವ ಇನ್ನೊಂದು ಸುಳಿವನ್ನು ವಕೀಲರು ಮೊದಲು ನೋಡುತ್ತಾರೆ, ಕೊಳ್ಳುವವರು ನೋಡುವುದೇ ಇಲ್ಲ. ಬಡಾವಣೆ ಮಾಡಿದವರು ರಸ್ತೆ, ಉದ್ಯಾನ, ನಾಗರಿಕ ಸೌಲಭ್ಯದ ಜಾಗವನ್ನು ಬಿಟ್ಟುಕೊಡುವ ನೋಂದಾಯಿತ ಪತ್ರವೊಂದು ಇರುತ್ತದೆ. ಅದನ್ನು ಯಾರ ಹೆಸರಿಗೆ ಬರೆದುಕೊಟ್ಟಿದ್ದಾರೆ ಎಂದು ಓದಿದರೆ ಆ ದಿನ ಅಲ್ಲಿ ಯಾವ ಸಂಸ್ಥೆಯ ಆಡಳಿತವಿತ್ತು ಎಂಬುದು ಬಹುಪಾಲು ತಿಳಿಯುತ್ತದೆ. ಪತ್ರವೇ ಇಲ್ಲ ಎಂದರೆ ಉದ್ಯಾನ ಎಂದು ನಕ್ಷೆಯಲ್ಲಿ ಹಸಿರು ಬಳಿದ ಜಾಗ ಇನ್ನೂ ಮಾರುವವರ ಹೆಸರಿನಲ್ಲೇ ಇದೆ.

ಇನ್ನು ತಾರೀಖಿನ ವಿಚಾರ. ಮೋಸ ಹೆಚ್ಚಾಗಿ ಅಡಗುವುದು ಇಲ್ಲಿಯೇ. ಗ್ರಾಮವೊಂದು ನಗರಕ್ಕೆ ಸೇರಿದ ದಿನದಿಂದ ಗ್ರಾಮ ಪಂಚಾಯಿತಿಗೆ ಅಲ್ಲಿ ಖಾತೆ ಕೊಡುವ ಅಧಿಕಾರವಿರುವುದಿಲ್ಲ. ಬೆಂಗಳೂರಿನ ಮಟ್ಟಿಗೆ ದೊಡ್ಡ ತಿರುವು 2007ರ ಜನವರಿ. ಹಳೆಯ ಮಹಾನಗರ ಪಾಲಿಕೆಗೆ ಏಳು ನಗರಸಭೆಗಳು, ಕೆಂಗೇರಿ ಪುರಸಭೆ ಮತ್ತು 110 ಹಳ್ಳಿಗಳನ್ನು ಸೇರಿಸಿ ಬಿಬಿಎಂಪಿ ಆದದ್ದು ಆಗ. ಆ ಹಳ್ಳಿಗಳಲ್ಲಿ 2009ರ ತಾರೀಖಿನ ಪಂಚಾಯಿತಿ ಖಾತೆಯನ್ನು ಯಾರಾದರೂ ತೋರಿಸಿದರೆ ಅಲ್ಲಿಗೇ ಮಾತು ನಿಲ್ಲಿಸಬಹುದು. ತಿಳಿದವರು ಅಷ್ಟು ಸುಲಭವಾಗಿ ಸಿಕ್ಕಿಬೀಳುವುದಿಲ್ಲ. ಅವರು ಹಳೆಯ ರಸೀದಿ ಪುಸ್ತಕ, ಹಳೆಯ ಮೊಹರು ಇಟ್ಟುಕೊಂಡು 2005ರ ತಾರೀಖು ಹಾಕಿ ಕೈಬರಹದ ಖಾತೆ ಮಾಡಿಕೊಡುತ್ತಾರೆ. ಸೇರ್ಪಡೆಗಿಂತ ಸ್ವಲ್ಪವೇ ಮುಂಚಿನ ತಾರೀಖು, ಕೈಬರಹ, ಅದಕ್ಕೆ ಹೊಂದುವ ಹಿಂದಿನ ವರ್ಷಗಳ ತೆರಿಗೆ ರಸೀದಿ ಇಲ್ಲ: ಈ ಮೂರೂ ಒಟ್ಟಿಗೆ ಬಂದರೆ ಅನುಮಾನ ಪಡಬೇಕು. ಪಂಚಾಯಿತಿಯ ದಾಖಲೆಗಳೆಲ್ಲ ಸೇರ್ಪಡೆಯ ಮೇಲೆ ನಗರ ಸಂಸ್ಥೆಗೆ ಹೋಗಬೇಕಾದವು. ಆ ಖಾತೆಯ ನಮೂದು ಹಳೆಯ ತೆರಿಗೆ ನಿರ್ಧರಣಾ ಪಟ್ಟಿಯಲ್ಲಿ ಇದೆಯೇ ಎಂದು ಈಗಿನ ಕಚೇರಿಯಲ್ಲೇ ಕೇಳಿ, ದೃಢೀಕೃತ ನಕಲು ಪಡೆಯಬೇಕು. ಮಾರುವವರು ತಂದುಕೊಟ್ಟ ನಕಲಿನಿಂದ ಏನೂ ಸಾಬೀತಾಗುವುದಿಲ್ಲ.

ತಾರೀಖಿನ ಲೆಕ್ಕ ಮುಂದಿನ ದಿಕ್ಕಿಗೂ ಅನ್ವಯಿಸುತ್ತದೆ. ‘ಇನ್ನಾರು ತಿಂಗಳಲ್ಲಿ ಇದು ಕಾರ್ಪೊರೇಷನ್’ ಎಂದು ಬೆಲೆ ಏರಿಸುವುದು ಎಲ್ಲ ನಗರಗಳ ಅಂಚಿನಲ್ಲೂ ನಡೆಯುತ್ತದೆ. ಕರಡು ಅಧಿಸೂಚನೆಯ ಪತ್ರಿಕೆ ತುಣುಕನ್ನು ಮೊಬೈಲಿನಲ್ಲಿ ತೋರಿಸುತ್ತಾರೆ. ಕರಡು ಎಂದರೆ ಪ್ರಸ್ತಾಪ. ಅಂತಿಮ ಅಧಿಸೂಚನೆ ಬರುವವರೆಗೆ ಖಾತೆ ಪಂಚಾಯಿತಿಯದೇ, ಅಂತಿಮ ಪಟ್ಟಿಯಲ್ಲಿ ಆ ಹಳ್ಳಿ ಬಿಟ್ಟುಹೋಗಲೂಬಹುದು. ಬೆಂಗಳೂರಿನಲ್ಲಂತೂ ಹೆಸರುಗಳೇ ಬದಲಾಗಿವೆ. 2025ರ ಮೇ ತಿಂಗಳಲ್ಲಿ ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆ ಜಾರಿಗೆ ಬಂತು, ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿಯ ಜಾಗದಲ್ಲಿ ಐದು ಪಾಲಿಕೆಗಳಾದವು. ‘ಗ್ರೇಟರ್’ ಎಂಬ ಮಾತು ಕೇಳಿ ಸುತ್ತಲಿನ ಹಳ್ಳಿಗಳೆಲ್ಲ ಒಳಗೆ ಬಂದವು ಎಂದು ನಂಬಿದವರಿದ್ದಾರೆ. ಐದು ಪಾಲಿಕೆಗಳನ್ನು ಮಾಡಿದ್ದು ಹಳೆಯ ಬಿಬಿಎಂಪಿ ಪ್ರದೇಶವನ್ನೇ ಹಂಚಿ.

ಒಳಗೆ ಬಂದರೂ ಏನಾಗುತ್ತದೆ ಎಂಬುದಕ್ಕೆ ಆ 110 ಹಳ್ಳಿಗಳೇ ಸಾಕ್ಷಿ. ಮಂಜೂರಾತಿಯಿಲ್ಲದ ರೆವಿನ್ಯೂ ಸೈಟುಗಳು ಪಾಲಿಕೆಗೆ ಸೇರಿದ ಕಾರಣಕ್ಕೇ ಸಕ್ರಮವಾಗಲಿಲ್ಲ. ಅವುಗಳ ತೆರಿಗೆ ವಸೂಲಿಗೆ ಬೇರೆ ವಹಿ ತೆರೆದರು. ಜನ ಅದನ್ನು ಬಿ ಖಾತೆ ಎಂದು ಕರೆದರು. ಪಂಚಾಯಿತಿಯಲ್ಲಿ ಇದ್ದ ದೋಷ ವೇಷ ಬದಲಿಸಿ ನಗರಕ್ಕೆ ಬಂತು, ತೆರಿಗೆ ಮಾತ್ರ ಏರಿತು. ನೀರಿನ ಕಥೆಯೂ ಹಾಗೆಯೇ. 110 ಹಳ್ಳಿಗಳಿಗೆ ನೀರು ಕೊಡಲೆಂದೇ ಕಟ್ಟಿದ ಕಾವೇರಿ ಐದನೇ ಹಂತದ ಯೋಜನೆ ಉದ್ಘಾಟನೆಯಾದದ್ದು 2024ರ ಅಕ್ಟೋಬರ್‌ನಲ್ಲಿ. ಕಾಗದದಲ್ಲಿ ನಗರವಾಗಿ ಆಗ ಹದಿನೇಳು ವರ್ಷ ಕಳೆದಿತ್ತು. ಹಾಗಾಗಿ ಪಾಲಿಕೆಯೊಳಗೆ ಎಂದು ಚದರಡಿಗೆ ಸಾವಿರ ರೂಪಾಯಿ ಹೆಚ್ಚು ಕೇಳಿದರೆ, ನಲ್ಲಿ ಸಂಪರ್ಕ, ಒಳಚರಂಡಿ ಆ ಬೀದಿಗೆ ಬಂದಿದೆಯೇ ಎಂದು ಪಕ್ಕದ ಮನೆಯವರನ್ನು ಕೇಳುವುದು ಅಧಿಸೂಚನೆ ಓದುವುದರಷ್ಟೇ ಮುಖ್ಯ.

ಕಾಗದಗಳು ಹೊಂದದೆ ಅನುಮಾನ ಉಳಿದರೆ ನೇರವಾಗಿ ಕಚೇರಿಯನ್ನೇ ಕೇಳಬಹುದು. ಗ್ರಾಮ ಪಂಚಾಯಿತಿಯಲ್ಲಿ ಪಿಡಿಒ, ಪುರಸಭೆ-ನಗರಸಭೆಯಲ್ಲಿ ಕಂದಾಯ ಅಧಿಕಾರಿ ಅಥವಾ ಕಂದಾಯ ನಿರೀಕ್ಷಕರು ಬಾಯಿಮಾತಿನಲ್ಲಿ ಉತ್ತರ ಕೊಡುತ್ತಾರೆ. ಎರಡೂ ಕಚೇರಿಗೆ ಹೋಗುವುದು ಲೇಸು. ‘ನಮ್ಮದು’ ಎಂದು ಇಬ್ಬರೂ ಹೇಳುವುದುಂಟು, ‘ನಮ್ಮದಲ್ಲ’ ಎಂದು ಇಬ್ಬರೂ ಹೇಳುವುದೂ ಉಂಟು. ಲಿಖಿತ ಉತ್ತರ ಬೇಕಾದರೆ ಮಾಹಿತಿ ಹಕ್ಕಿನ ಅರ್ಜಿ ಇದೆ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನದ ಗಡುವು. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯದ್ದಾಗಿರಬೇಕು, 150 ಪದ ಮೀರಬಾರದು. ಇಂಥ ಗ್ರಾಮದ ಇಂಥ ಸರ್ವೆ ನಂಬರು ನಿಮ್ಮ ವ್ಯಾಪ್ತಿಗೆ ಸೇರಿದೆಯೇ, ಸೇರಿದ್ದರೆ ಯಾವ ಅಧಿಸೂಚನೆಯ ಪ್ರಕಾರ, ಯಾವ ದಿನಾಂಕದಿಂದ, ಅಧಿಸೂಚನೆಯ ಪ್ರತಿ ಕೊಡಿ. ಇಷ್ಟು ಬರೆದರೆ ಸಾಕು. ಮಧ್ಯವರ್ತಿ ‘ನಾಳೆಯೇ ಬೇರೆಯವರು ಅಡ್ವಾನ್ಸ್ ಕೊಡ್ತಾರೆ’ ಎಂದು ಅವಸರಿಸುವಾಗ ಮೂವತ್ತು ದಿನ ಕಾಯುವುದು ಕಷ್ಟ, ಒಪ್ಪುತ್ತೇನೆ. ಗಡಿಯಂಚಿನ ಸೈಟಿನ ವಿಷಯದಲ್ಲಿ ಮಾತ್ರ ಕಾಯುವುದೇ ಸರಿ.

ನೋಂದಣಿಯ ಹಂತದಲ್ಲೂ ವ್ಯಾಪ್ತಿ ಒಮ್ಮೆ ತಲೆಯೆತ್ತುತ್ತದೆ. ಮುದ್ರಾಂಕ ಶುಲ್ಕದ ಮೇಲಿನ ಸರ್‌ಚಾರ್ಜ್ ನಗರ ಪ್ರದೇಶದಲ್ಲಿ ಶೇ 2, ಗ್ರಾಮೀಣ ಪ್ರದೇಶದಲ್ಲಿ ಶೇ 3. ನಮ್ಮ 50 ಲಕ್ಷದ ಸೈಟಿಗೆ ಶೇ 5ರಂತೆ ಮುದ್ರಾಂಕ ಶುಲ್ಕ ಎರಡೂವರೆ ಲಕ್ಷ; ಅದರ ಮೇಲೆ ಶೇ 10ರ ಸೆಸ್ 25 ಸಾವಿರ; ಸರ್‌ಚಾರ್ಜ್ ಪುರಸಭೆಯಾದರೆ 5 ಸಾವಿರ, ಪಂಚಾಯಿತಿಯಾದರೆ 7,500. 2025ರ ಆಗಸ್ಟ್ ಕೊನೆಯಿಂದ ನೋಂದಣಿ ಶುಲ್ಕ ಶೇ 2, ಅಂದರೆ ಇನ್ನೊಂದು ಲಕ್ಷ. ಅದರಲ್ಲಿ ನಗರ-ಹಳ್ಳಿಯ ಭೇದವಿಲ್ಲ. ವ್ಯತ್ಯಾಸ ಎರಡೂವರೆ ಸಾವಿರ ರೂಪಾಯಿ ಮಾತ್ರ, ಅದಕ್ಕಾಗಿ ಯಾರೂ ತಲೆಕೆಡಿಸಿಕೊಳ್ಳುವುದಿಲ್ಲ. ಆದರೆ ಪುರಸಭೆಯೆಂದು ಹೇಳಿ ಮಾರುತ್ತಿರುವ ಸೈಟಿನ ಕರಡು ಲೆಕ್ಕದಲ್ಲಿ ಶೇ 3ರ ಸರ್‌ಚಾರ್ಜ್ ಕಂಡರೆ, ಮಾರುವವರ ಕಡೆಯ ಪತ್ರಬರಹಗಾರರಿಗೆ ನಿಜ ಗೊತ್ತಿದೆ ಎಂದರ್ಥ. ಅದೇ ಬಡಾವಣೆಯಲ್ಲಿ ಹಿಂದೆ ನೋಂದಣಿಯಾದ ಕ್ರಯಪತ್ರಗಳಲ್ಲೂ ಇದನ್ನು ನೋಡಬಹುದು. ಋಣಭಾರ ಪತ್ರದಿಂದ ನೋಂದಣಿ ಸಂಖ್ಯೆ ಹಿಡಿದು ದೃಢೀಕೃತ ನಕಲು ತೆಗೆಸಿದರೆ, ಷೆಡ್ಯೂಲಿನಲ್ಲಿ ‘ಇಂಥ ಗ್ರಾಮ ಪಂಚಾಯಿತಿ ವ್ಯಾಪ್ತಿಗೆ ಸೇರಿದ’ ಎಂದು ಬರೆದಿದ್ದಾರೋ ಪುರಸಭೆ ಎಂದು ಬರೆದಿದ್ದಾರೋ ಕಾಣುತ್ತದೆ. ಖಾತೆ ಯಾರೇ ಕೊಟ್ಟಿರಲಿ, ಅದು ಮಾಲೀಕತ್ವದ ಪತ್ರವಲ್ಲ ಎಂಬುದೂ ನೆನಪಿರಬೇಕು. ಮೂಲಪತ್ರಗಳ ಪರಿಶೀಲನೆ ಬೇರೆಯೇ ಕೆಲಸ, ಅದನ್ನು ವಕೀಲರಿಂದಲೇ ಮಾಡಿಸಬೇಕು.

ಇಷ್ಟಾದ ಮೇಲೂ ಸೈಟು ಇಷ್ಟವಾಗಿ ಮುಂದುವರಿಯುವುದಾದರೆ ಕರಾರು ಬರೆಸುವಾಗ ಕೆಲವು ಸಾಲು ಸೇರಿಸಬೇಕು. ಸೈಟಿನ ಗ್ರಾಮ, ಸರ್ವೆ ನಂಬರು, ಈಗಿನ ಸ್ಥಳೀಯ ಸಂಸ್ಥೆಯ ಹೆಸರು ಷೆಡ್ಯೂಲಿನಲ್ಲಿ ಬರಲಿ. ಇದೇ ಸೈಟಿನ ನಂಬರಿಗೆ, ಇದೇ ಸಂಸ್ಥೆಯಿಂದ, ಇಂಥ ನಮೂನೆಯಲ್ಲಿ ಮಾರುವವರ ಹೆಸರಿಗೆ ಇ-ಖಾತೆ ಇರುತ್ತದೆ ಎಂಬುದು ಷರತ್ತಾಗಿ ಬರಲಿ. ಇಂತಿಷ್ಟು ದಿನದೊಳಗೆ ಅದು ಆಗದಿದ್ದರೆ ಮುಂಗಡ ಪೂರ್ತಿ ಹಿಂತಿರುಗಿಸಬೇಕು ಎಂದಿರಲಿ. ‘ಇ-ಖಾತೆ ಮಾಡಿಸಿಕೊಡಲಾಗುವುದು’ ಎಂದಷ್ಟೇ ಬರೆದರೆ 11ಬಿ ಕೊಟ್ಟು ಮಾತು ಉಳಿಸಿಕೊಂಡೆವು ಎನ್ನಬಹುದು. 37ನೇ ಸೈಟಿನ ಕರಾರಿಗೆ ‘ನಮೂನೆ 9 ಮತ್ತು 11ಎ’ ಎಂದು ಬರೆಯಲು ಕೊಳ್ಳುವವರು ಹೇಳಿದಾಗ ಮಾರುವವರು ಒಪ್ಪುವುದಿಲ್ಲ, ಒಪ್ಪಲು ಆಗುವುದೂ ಇಲ್ಲ. ಬೇಕಾದರೆ ಚದರಡಿಗೆ ಮುನ್ನೂರು ರೂಪಾಯಿ ಬಿಡುತ್ತೇವೆ ಎನ್ನುತ್ತಾರೆ. 1,200 ಚದರಡಿಗೆ ಅದು 3 ಲಕ್ಷ 60 ಸಾವಿರ. 62/3ಕ್ಕೆ ನಕ್ಷೆ ಮಂಜೂರಾಗದ ಹೊರತು ಆ ರಿಯಾಯಿತಿ ಪಡೆದವರಿಗೆ ಸಿಗುವುದು ಅದೇ 11ಬಿ.